ಸಂಸಾರದ ಲೆಕ್ಕ: ತಕ್ಕಡಿಯನ್ನು ಎಷ್ಟು ಸಲ ಸರಿಪಡಿಸಬೇಕು?

ಉಳಿತಾಯದಲ್ಲಿ ಇಷ್ಟು ಪಾಲು ಷೇರಿಗೆ, ಇಷ್ಟು ಪಾಲು ಠೇವಣಿಗೆ ಎಂದು ಮೊದಲೇ ನಿಶ್ಚಯಿಸಿಕೊಂಡವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ನಿಶ್ಚಯವೇನೋ ನಿಂತಲ್ಲೇ ನಿಲ್ಲುತ್ತದೆ. ದಲಾಲ್ ಸ್ಟ್ರೀಟಿನ ಧಾರಣೆ ನಿಲ್ಲುವುದಿಲ್ಲ. ಆದುದರಿಂದ ಪಾಲು ತಾನಾಗಿಯೇ ಕದಲುತ್ತದೆ. ಅದನ್ನು ಮತ್ತೆ ಮತ್ತೆ ಸ್ಥಾನಕ್ಕೆ ತರುವ ಶ್ರಮ ಎಷ್ಟರ ಮಟ್ಟಿಗೆ ಸಾರ್ಥಕ?

ಡೊಂಬಿವಲಿಯ ಒಂದು ಸಂಸಾರವೆಂದು ಇಟ್ಟುಕೊಳ್ಳೋಣ. ಅವರ 10 ಲಕ್ಷ ರೂಪಾಯಿಯಲ್ಲಿ 6 ಲಕ್ಷ ಷೇರುಗಳ ಮ್ಯೂಚುವಲ್ ಫಂಡಿನಲ್ಲಿ, 4 ಲಕ್ಷ ಬ್ಯಾಂಕ್ ಠೇವಣಿಯಲ್ಲಿ. ಮೂರು ವರ್ಷಗಳಲ್ಲಿ ಫಂಡು 9 ಲಕ್ಷವಾಯಿತು, ಠೇವಣಿ ನಾಲ್ಕೂವರೆ ಲಕ್ಷವಾಯಿತು. ಷೇರಿನ ಪಾಲು ಶೇಕಡಾ 60ರಿಂದ ಸುಮಾರು 67ಕ್ಕೆ ಏರಿತು. ಮೊದಲಿನ ಪಾಲಿಗೆ ಮರಳಲು 90 ಸಾವಿರದ ಯೂನಿಟ್ಟುಗಳನ್ನು ಮಾರಿ ಠೇವಣಿಗೆ ಹಾಕಬೇಕು.

ಇದರಿಂದ ಲಾಭ ಹೆಚ್ಚುತ್ತದೆಂದು ಎಣಿಸಬಾರದು. ಪೇಟೆ ಏರುತ್ತಲೇ ಹೋದರೆ ಹೀಗೆ ಮಾರಿದವರಿಗೆ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಇದರ ಉದ್ದೇಶ ಅಪಾಯವನ್ನು ಮಿತಿಯಲ್ಲಿಡುವುದು. 2020ರ ಜನವರಿಯಲ್ಲಿ 42 ಸಾವಿರದ ಸಮೀಪವಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 25,981ಕ್ಕೆ ಇಳಿಯಿತು. ಶೇಕಡಾ 38ರಷ್ಟು ಕುಸಿತ. ಅಂಥ ದಿನ ಬಂದರೆ, ಮಾರಿಟ್ಟ ಆ 90 ಸಾವಿರದಿಂದ ಸುಮಾರು 34 ಸಾವಿರದ ನಷ್ಟ ತಪ್ಪುತ್ತದೆ. ಪಾಲು ಬರಿಯ ಎರಡಂಶ ಸರಿದಿದ್ದಾಗ ಮಾರಬೇಕಾದದ್ದು 27 ಸಾವಿರ, ತಪ್ಪುವ ನಷ್ಟ ಹತ್ತು ಸಾವಿರ. ಅಷ್ಟಕ್ಕಾಗಿ ತಿಂಗಳು ತಿಂಗಳೂ ಓಡಾಡಬೇಕಾಗಿಲ್ಲ.

ತೆರಿಗೆಯೂ ಇದನ್ನೇ ಹೇಳುತ್ತದೆ. ವರ್ಷ ತುಂಬುವ ಮೊದಲೇ ಮಾರಿದ ಯೂನಿಟ್ಟಿನ ಲಾಭಕ್ಕೆ ಶೇಕಡಾ 20 ತೆರಿಗೆ. ಅನೇಕ ಫಂಡುಗಳು ನಿರ್ಗಮನ ಶುಲ್ಕವನ್ನೂ ಹಿಡಿಯುತ್ತವೆ. ವರ್ಷ ದಾಟಿದ ಮೇಲೆ, 2024ರ ಜುಲೈನಿಂದ ಬಂದ ನಿಯಮದಂತೆ, ಆರ್ಥಿಕ ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ. ಮಿಕ್ಕದ್ದಕ್ಕೆ ಶೇಕಡಾ ಹನ್ನೆರಡೂವರೆ. ನಮ್ಮ ಉದಾಹರಣೆಯ 90 ಸಾವಿರದಲ್ಲಿ ಲಾಭ 30 ಸಾವಿರ ಮಾತ್ರ, ತೆರಿಗೆ ಬೀಳದು. ಮೊತ್ತ ದೊಡ್ಡದಿದ್ದವರು ಅರ್ಧವನ್ನು ಮಾರ್ಚಿನಲ್ಲಿ, ಅರ್ಧವನ್ನು ಏಪ್ರಿಲ್‌ನಲ್ಲಿ ಮಾರಿದರೆ ಎರಡು ವರ್ಷಗಳ ವಿನಾಯಿತಿ ದೊರೆಯುತ್ತದೆ. ಒಂದು ಫಂಡಿನಿಂದ ಇನ್ನೊಂದಕ್ಕೆ ಬದಲಾಯಿಸಿದರೂ ಅದು ಮಾರಾಟವೇ ಎಂಬುದನ್ನು ಮರೆಯಬಾರದು.

ಇನ್ನೂ ಸುಲಭದ ದಾರಿಯೆಂದರೆ ಮಾರದೆಯೇ ಸರಿಪಡಿಸುವುದು. ತಿಂಗಳಿಗೆ ಹನ್ನೆರಡೂವರೆ ಸಾವಿರ ಉಳಿಸುವವರು ಒಂದು ವರ್ಷ ಅದನ್ನೆಲ್ಲ ಠೇವಣಿಗೇ ಹಾಕಿದರೆ ಒಂದೂವರೆ ಲಕ್ಷ ಸೇರಿ, ಧಾರಣೆ ಇದ್ದಂತೆಯೇ ಇದ್ದರೆ, 9 ಲಕ್ಷ ಮತ್ತೆ ಶೇಕಡಾ 60 ಆಗುತ್ತದೆ.

ಪೇಟೆ ಬಿದ್ದಾಗ ಕೆಲಸ ತಿರುವುಮುರುವು: ಠೇವಣಿಯಿಂದ ತೆಗೆದು ಷೇರು ಕೊಳ್ಳಬೇಕು. ಆಗ ಪಿ.ಪಿ.ಎಫ್.ನಲ್ಲಿ 15 ವರ್ಷಕ್ಕೆ ಕಟ್ಟಿಹಾಕಿದ ಹಣ ಸುಲಭವಾಗಿ ಕೈಗೆ ಬಾರದು. ಠೇವಣಿಯ ಒಂದು ಭಾಗವನ್ನು ಬೇಗ ಬಿಡಿಸಿಕೊಳ್ಳುವಂತೆ ಇಟ್ಟಿರಬೇಕು.

ವರ್ಷಕ್ಕೊಮ್ಮೆ, ಯುಗಾದಿಯ ಸುಮಾರಿಗೆ, ಲೆಕ್ಕ ಹಾಕಿ ನೋಡಿರಿ. ಪಾಲು ಐದಂಶಕ್ಕಿಂತ ಹೆಚ್ಚು ಸರಿದಿದ್ದರೆ ಸರಿಪಡಿಸಿರಿ. ಇಲ್ಲವಾದರೆ ಪುಸ್ತಕ ಮುಚ್ಚಿಡಿರಿ.