ಕೂಡುವ ಕೋಷ್ಟಕದೊಳಗೇ ಗುಣಿಸುವ ಕೋಷ್ಟಕವಿದೆ

ಊಟಿಯಿರಲಿ, ಗೂಡಲೂರಿರಲಿ, ಮಸಿನಗುಡಿಯಿರಲಿ, ನಾವೆಲ್ಲ ಪಾಠ ಮಾಡುವುದು ತಮಿಳುನಾಡಿನ ಪಠ್ಯಕ್ರಮವನ್ನೇ. ಹತ್ತನೇ ತರಗತಿಯ ಗಣಿತದಲ್ಲಿ ಮಾಡ್ಯುಲೋ ಲೆಕ್ಕ ಬರುತ್ತದೆ. ಹನ್ನೆರಡನೇ ತರಗತಿಯಲ್ಲಿ ಮಾಡ್ಯುಲೋ ಸಂಕಲನ, ಮಾಡ್ಯುಲೋ ಗುಣಾಕಾರ ಎರಡಕ್ಕೂ ಕೋಷ್ಟಕ ಬರೆಯಿಸುತ್ತೇವೆ. ಆದರೆ ಇವೆರಡಕ್ಕೂ ಏನು ಸಂಬಂಧ ಅಂತ ಯಾವ ಮಗುವಾದರೂ ಕೇಳಿದರೆ ಏನು ಹೇಳ್ತೀವಿ? ಗುಣಿಸುವ ಕೋಷ್ಟಕವನ್ನು ಕೂಡುವ ಕೋಷ್ಟಕದಿಂದಲೇ ಹೊರತೆಗೆದು ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಒಂದು ಗಡಿಯಾರ ಸಾಕು.

ಗಡಿಯಾರದ 12ನ್ನು 0 ಎಂದು ಕರೆಯೋಣ. ಆಗ 0ರಿಂದ 11ರವರೆಗಿನ ಸಂಖ್ಯೆಗಳು ಕೂಡುವಿಕೆಯಲ್ಲಿ ಒಂದು ಚಕ್ರೀಯ ಗುಂಪು ಆಗುತ್ತವೆ. 1ನ್ನು ಮತ್ತೆ ಮತ್ತೆ ಕೂಡಿದರೆ ಎಲ್ಲವೂ ಸಿಗುತ್ತವೆ. ಈಗ ಪ್ರಶ್ನೆ ಇದು: ಅಂಕಿಗಳ ಹೆಸರನ್ನು ಅದಲು ಬದಲು ಮಾಡಿಯೂ ಕೂಡುವ ಲೆಕ್ಕ ಒಂದೂ ತಪ್ಪಾಗದಂತೆ ಉಳಿಸಲು ಎಷ್ಟು ದಾರಿಗಳಿವೆ? ಇಂಥ ಅದಲು ಬದಲಿಗೇ ಆಟೋಮಾರ್ಫಿಸಂ ಎನ್ನುತ್ತಾರೆ.

ಮಕ್ಕಳು ಮೊದಲು ಹೇಳುವುದು "ಗಡಿಯಾರವನ್ನು ತಿರುಗಿಸಿದರಾಯ್ತಲ್ಲ ಸಾರ್" ಅಂತ. ಪರೀಕ್ಷಿಸಿ ನೋಡಿ. ಪ್ರತಿ ಅಂಕಿಗೂ 3 ಕೂಡಿ ಹೊಸ ಹೆಸರು ಕೊಟ್ಟರೆ 1 ಹೋಗಿ 4 ಆಗುತ್ತದೆ, 2 ಹೋಗಿ 5 ಆಗುತ್ತದೆ. ಆದರೆ 1+1=2 ಎಂಬುದು 4+4=5 ಆಗಿಬಿಡುತ್ತದೆ, ಅದು ತಪ್ಪು. ಗುರುತು ಸುಲಭ: 0 ತನ್ನ ಜಾಗದಲ್ಲೇ ಉಳಿಯದಿದ್ದರೆ ಅದು ಆಟೋಮಾರ್ಫಿಸಂ ಅಲ್ಲ.

ಹಾಗಾದರೆ ಯಾವುದು ನಡೆಯುತ್ತದೆ? 1 ಎಲ್ಲಿಗೆ ಹೋಗುತ್ತದೆ ಎಂದು ತೀರ್ಮಾನವಾದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. 1 ಹೋಗಿ 5 ಆದರೆ, 2 ಅಂದರೆ 1+1, ಹಾಗಾಗಿ ಅದು 10 ಆಗಲೇಬೇಕು. 3 ಹೋಗಿ 15, ಅಂದರೆ 3 ಆಗುತ್ತದೆ. ಒಟ್ಟಿನಲ್ಲಿ ಎಲ್ಲವನ್ನೂ 5ರಿಂದ ಗುಣಿಸಿದಂತಾಯಿತು. ಗುಣಾಕಾರವನ್ನು ನಾವು ಹೊರಗಿನಿಂದ ತರಲಿಲ್ಲ, ಅದು ಕೂಡುವಿಕೆಯಿಂದಲೇ ಹುಟ್ಟಿತು ನೋಡಿ.

ಆದರೆ 1ನ್ನು ಎಲ್ಲಿಗೆ ಬೇಕಾದರೂ ಕಳಿಸಲಾಗದು. 2ಕ್ಕೆ ಕಳಿಸಿದರೆ 6 ಹೋಗಿ 12, ಅಂದರೆ 0 ಆಗುತ್ತದೆ. 0 ಕೂಡ 0ಯಲ್ಲೇ ಇದೆ. ಎರಡು ಅಂಕಿಗೆ ಒಂದೇ ಹೆಸರು ಬಂತು, ಆಟ ಕೆಟ್ಟಿತು. 12ರ ಜೊತೆ 1ಕ್ಕಿಂತ ದೊಡ್ಡ ಸಾಮಾನ್ಯ ಅಪವರ್ತನ ಇರುವ ಎಲ್ಲ ಸಂಖ್ಯೆಗೂ ಇದೇ ಗತಿ. ಮ.ಸಾ.ಅ. 1 ಆಗಿರುವ 1, 5, 7, 11 ಮಾತ್ರ ಉಳಿಯುತ್ತವೆ. ಮಾಡ್ಯುಲೋ 12ರಲ್ಲಿ ಗುಣಾಕಾರದ ವಿಲೋಮ ಇರುವ ಸಂಖ್ಯೆಗಳು, ಅಂದರೆ ಯೂನಿಟ್‌ಗಳು, ಇವೇ ನಾಲ್ಕು. ವಿಲೋಮ ಇದೆ ಅಂದರೆ ಅದಲು ಬದಲನ್ನು ಹಿಂದಕ್ಕೆ ತಿರುಗಿಸಬಹುದು ಎಂದೇ ಅರ್ಥ. 12 ಅಂಕಿಗಳನ್ನು ಸುಮ್ಮನೆ ಅದಲು ಬದಲು ಮಾಡಲು 47 ಕೋಟಿಗೂ ಹೆಚ್ಚು ವಿಧಗಳಿವೆ. ಕೂಡುವ ಲೆಕ್ಕವನ್ನು ಉಳಿಸುವವು ನಾಲ್ಕೇ ನಾಲ್ಕು.

ಈಗ ಒಂದಾದ ಮೇಲೆ ಒಂದು ಮಾಡಿಸಿ. ಮೊದಲು 5ರಿಂದ ಗುಣಿಸಿ, ಆಮೇಲೆ 7ರಿಂದ. ಒಟ್ಟು 35ರಿಂದ, ಅಂದರೆ 11ರಿಂದ ಗುಣಿಸಿದಂತೆ. ಆಟೋಮಾರ್ಫಿಸಂಗಳನ್ನು ಜೋಡಿಸುವುದೂ ಯೂನಿಟ್‌ಗಳನ್ನು ಗುಣಿಸುವುದೂ ಒಂದೇ ಕೆಲಸ. ಹಾಗಾಗಿ ಯೂನಿಟ್‌ಗಳ ಗುಣಾಕಾರ ಕೋಷ್ಟಕ ಎಂದರೆ ಕೂಡುವ ಕೋಷ್ಟಕದ ಆಟೋಮಾರ್ಫಿಸಂಗಳ ದಾಖಲೆ. 12ಕ್ಕೆ ಮಾತ್ರವಲ್ಲ, ಯಾವ n ತೆಗೆದುಕೊಂಡರೂ ಇದೇ ವಾದ ನಡೆಯುತ್ತದೆ.

ಬಿ.ಎಸ್ಸಿ.ಯಲ್ಲಿ ಗ್ರೂಪ್ ಥಿಯರಿ ಓದಿದವರಿಗೂ ಇಲ್ಲೊಂದು ಎಚ್ಚರಿಕೆ. ಇಂಥ ಸಂಖ್ಯೆಗಳ ಎಣಿಕೆಯನ್ನು ಆಯ್ಲರ್ ಸೂತ್ರದಿಂದ ಬರೆದು ಮುಗಿಸಿಬಿಡುತ್ತೇವೆ. 10ಕ್ಕೂ ಯೂನಿಟ್‌ಗಳು ನಾಲ್ಕೇ: 1, 3, 7, 9. ಆದರೆ ಅಲ್ಲಿ 3ನ್ನು ಮತ್ತೆ ಮತ್ತೆ ಗುಣಿಸಿದರೆ 3, 9, 7, 1 ಎಂದು ನಾಲ್ಕೂ ಬರುತ್ತವೆ. ಅದು ಮತ್ತೆ ಚಕ್ರೀಯ. 12ರಲ್ಲಿ ಹಾಗಲ್ಲ. 5ರ ವರ್ಗ 25, 7ರ ವರ್ಗ 49, 11ರ ವರ್ಗ 121. ಮೂರೂ 1ಕ್ಕೇ ಮರಳುತ್ತವೆ. ಯಾವ ಒಂದು ಯೂನಿಟ್ಟೂ ಮಿಕ್ಕವನ್ನೆಲ್ಲ ಕೊಡಲಾರದು. ಗಡಿಯಾರ ಚಕ್ರೀಯ, ಆದರೆ ಅದರ ಆಟೋಮಾರ್ಫಿಸಂಗಳ ಗುಂಪು ಚಕ್ರೀಯವಲ್ಲ! ಎಣಿಕೆ ಮಾತ್ರ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಕೋಷ್ಟಕ ಬರೆದು ಕರ್ಣದ ಮೇಲೆ ಕಣ್ಣಾಡಿಸಿದರೆ ತಕ್ಷಣ ಕಾಣುತ್ತದೆ: 12ರಲ್ಲಿ ಕರ್ಣದ ತುಂಬ 1, 10ರಲ್ಲಿ 1, 9, 9, 1.

ಆದ್ದರಿಂದ ಮುಂದಿನ ಸಲ ಮಾಡ್ಯುಲೋ ಗುಣಾಕಾರದ ಕೋಷ್ಟಕವನ್ನು ಬೋರ್ಡಿನ ಮೇಲೆ ನೇರವಾಗಿ ಬರೆಯಬೇಡಿ. ಮೊದಲು ಗಡಿಯಾರ ಬರೆದು, 1 ಎಲ್ಲಿಗೆ ಹೋಗಬಹುದು ಅಂತ ಕೇಳಿ. ಆಮೇಲೆ 8ಕ್ಕೂ 9ಕ್ಕೂ ಮಕ್ಕಳೇ ಮಾಡಲಿ. ಒಂದರ ಗುಂಪು 12ರಂತೆ ಇರುವುದಿಲ್ಲ. ಯಾವುದು ಎಂದು ಅವರೇ ಹುಡುಕಿ ಹೇಳಲಿ.