ಬಿಲ್ ಓದೋಣ, ಭಾಗ 4: ಬಿಲ್‌ನಲ್ಲಿ ಇಲ್ಲದ ಸಾಲು

ಮೊದಲ ಸ್ಲೈಡ್‌ನಲ್ಲಿರೋದು ನಮ್ಮ ಮನೆಯದೇ ಫೈಬರ್ ಬಿಲ್, 2023ರ ಜುಲೈ ತಿಂಗಳದ್ದು. ನಂಬರು, ಕಂಪನಿ ಹೆಸರು ಎರಡನ್ನೂ ಮುಚ್ಚಿದೀನಿ. ಒಂದು ನಿಮಿಷ ನೋಡಿ, ತಪ್ಪು ಎಲ್ಲಿದೆ ಅಂತ ಹುಡುಕಿ.

ತಿಂಗಳ ಬಾಡಿಗೆ 620. ಬಳಕೆ ಶುಲ್ಕ ಸೊನ್ನೆ. ಅಡ್ಜಸ್ಟ್‌ಮೆಂಟ್ ಸೊನ್ನೆ. ಸಿಜಿಎಸ್‌ಟಿ 9 ಪರ್ಸೆಂಟ್ 55.80, ಎಸ್‌ಜಿಎಸ್‌ಟಿ 9 ಪರ್ಸೆಂಟ್ 55.80. ಒಟ್ಟು 731.60.

ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿದ್ರೂ ಸರಿಯೇ ಬರುತ್ತೆ. ನಾನೂ ಮೊದಲು ಹಾಗೇ ಮಾಡಿದ್ದು. ಆಗ ಪಿಯುಸಿ ಕಾಮರ್ಸ್‌ನಲ್ಲಿದ್ದೆ, ಮನೆ ಲೆಕ್ಕ ಎಲ್ಲ ನನ್ನದೇ ಅನ್ನೋ ಜಂಬ ಬೇರೆ. "ಸರಿ ಇದೆ, ಕಟ್ಟು ಅಪ್ಪ" ಅಂದೆ. ಅಪ್ಪ ಒಂದೇ ಮಾತು ಕೇಳಿದ್ರು: "ಹನ್ನೆರಡು ದಿನ ನೆಟ್ಟೇ ಇರ್ಲಿಲ್ವಲ್ಲ, ಅದು ಎಲ್ಲಿ ಬರೆದಿದ್ದಾರೆ?"

ಎಲ್ಲೂ ಬರೆದಿರಲಿಲ್ಲ. ತಪ್ಪು ಅದೇ. ಪೋಸ್ಟ್‌ಪೇಯ್ಡ್ ಬಿಲ್‌ನಲ್ಲಿ ಕೂಡುವ ತಪ್ಪು ಸಿಗೋದು ಕಡಿಮೆ, ಅದನ್ನ ಕಂಪ್ಯೂಟರ್ ಕೂಡುತ್ತೆ. ಬರಬೇಕಿದ್ದ ಸಾಲು ಬಾರದೇ ಇರೋದೇ ನಿಜವಾದ ತಪ್ಪು. ಅದು ಬಿಲ್ ನೋಡಿದ್ರೆ ಗೊತ್ತಾಗಲ್ಲ, ನಮ್ಮ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿದ್ರೆ ಮಾತ್ರ ಗೊತ್ತಾಗುತ್ತೆ.

ಹುಲಿಕಲ್ ಮಳೆ ನಿಮಗೆ ಹೇಳೋದೇ ಬೇಡ. ಆ ಜುಲೈ 10, ಸೋಮವಾರ, ನಮ್ಮ ಮನೆಯಿಂದ ಸ್ವಲ್ಪ ಕೆಳಗೆ ಕಂಬದ ಕೇಬಲ್ ಮೇಲೆ ಮರದ ಕೊಂಬೆ ಬಿತ್ತು. ಮೋಡೆಮ್‌ನಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇರುತ್ತಲ್ಲ, ಅದು ಕೆಂಪಾಯ್ತು. ಅಂದ್ರೆ ಕೇಬಲ್‌ನಲ್ಲಿ ಬೆಳಕೇ ಬರ್ತಿಲ್ಲ ಅಂತ. ಅಪ್ಪ ಅವತ್ತೇ ಕಸ್ಟಮರ್ ಕೇರ್‌ಗೆ ಕರೆ ಮಾಡಿ ದೂರು ಕೊಟ್ರು, ಡಾಕೆಟ್ ನಂಬರ್ ಬಂತು. ಲೈನ್ ಸರಿಯಾಗಿದ್ದು 22ನೇ ತಾರೀಖು, ಶನಿವಾರ.

ಈಗ ನಿಯಮ. ಆಗ ಜಾರಿಯಲ್ಲಿದ್ದ ಟ್ರಾಯ್‌ನ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮ 2006ರದ್ದು. ದೂರು ಕೊಟ್ಟ ಮೇಲೆ ಮೂರು ಕೆಲಸದ ದಿನ ಮೀರಿ, ಏಳರೊಳಗೆ ಸರಿಯಾದರೆ 7 ದಿನದ ಬಾಡಿಗೆ ವಾಪಸ್. ಏಳು ಮೀರಿ ಹದಿನೈದರೊಳಗೆ ಆದರೆ 15 ದಿನದ್ದು. ಅದಕ್ಕೂ ಮೀರಿದರೆ ಒಂದು ತಿಂಗಳದ್ದು. ನೆಟ್ ಹೋದಷ್ಟೇ ದಿನಕ್ಕಲ್ಲ, ಹಂತಕ್ಕೆ ತಕ್ಕ ಹಾಗೆ ಸಿಗೋದು, ಗಮನಿಸಿ. ನಮ್ಮದು ಭಾನುವಾರ ಬಿಟ್ಟು ಎಣಿಸಿದ್ರೂ ಏಳು ದಾಟಿತ್ತು. ಹಾಗಾಗಿ 15 ದಿನ. 620ನ್ನು 31 ದಿನಕ್ಕೆ ಹಂಚಿದ್ರೆ ದಿನಕ್ಕೆ 20, ಹದಿನೈದು ದಿನಕ್ಕೆ 300 ರೂಪಾಯಿ.

(ಮೂರು ದಿನ ಮೀರಿದರೆ ಪರಿಹಾರ ಅನ್ನೋದು 2024ರ ಅಕ್ಟೋಬರ್‌ನಿಂದ ಬಂದ ಹೊಸ ನಿಯಮದಲ್ಲೂ ಇದೆ. ಮೊಬೈಲ್ ಪೋಸ್ಟ್‌ಪೇಯ್ಡ್‌ನವರು ಖುಷಿಪಡಬೇಡಿ. ಅವರಿಗೆ ಇಡೀ ಜಿಲ್ಲೆ ಮಟ್ಟದಲ್ಲಿ 24 ಗಂಟೆ ಮೀರಿ ಹೋದಾಗ ಮಾತ್ರ. ಘಾಟಿಯ ಒಂದು ಟವರ್ ವಾರಗಟ್ಟಲೆ ಸತ್ತು ಮಲಗಿದ್ರೂ ಲೆಕ್ಕಕ್ಕಿಲ್ಲ.)

ಹಾಗಾದ್ರೆ ಆ 300 ಯಾಕೆ ಬರಲಿಲ್ಲ? ಮೂರನೇ ಸ್ಲೈಡ್ ನೋಡಿ. 12ನೇ ತಾರೀಖು ಅಪ್ಪನ ಫೋನ್‌ಗೆ ಬಂದ ಮೆಸೇಜ್: ನಿಮ್ಮ ದೂರು ಪರಿಹಾರವಾಗಿದೆ, ಡಾಕೆಟ್ ಮುಚ್ಚಲಾಗಿದೆ. ಕೊಂಬೆ ಇನ್ನೂ ಕೇಬಲ್ ಮೇಲೇ ಇತ್ತು ಮಾರಾಯ್ರೆ! ಆದರೆ ಬಿಲ್ ಮಾಡುವ ಕಂಪ್ಯೂಟರ್‌ಗೆ ಕೊಂಬೆ ಕಾಣಲ್ಲ, ಡಾಕೆಟ್ ತೆರೆದ ದಿನ, ಮುಚ್ಚಿದ ದಿನ ಎರಡೇ ಕಾಣೋದು. ಹತ್ತಕ್ಕೆ ತೆರೆದು ಹನ್ನೆರಡಕ್ಕೆ ಮುಚ್ಚಿದ್ರೆ ಎರಡೇ ದಿನ. ಮೂರು ದಾಟಲಿಲ್ಲ, ಅಡ್ಜಸ್ಟ್‌ಮೆಂಟ್ ಸೊನ್ನೆ.

ನಮ್ಮ ಕಡೆಯ ತಪ್ಪೂ ಇದೆ. ಆ ಮೆಸೇಜ್ ಬಂದ ಮೇಲೆ ಅಪ್ಪ ಮತ್ತೆ ಕಸ್ಟಮರ್ ಕೇರ್‌ಗೆ ಕರೆ ಮಾಡಲಿಲ್ಲ. ನೇರ ಲೈನಿನವರ ಮೊಬೈಲ್‌ಗೆ ದಿನಾ ಫೋನ್. ಊರಲ್ಲಿ ಎಲ್ಲರೂ ಹಾಗೇ ತಾನೆ, ಅವರ ಗುರುತಿದೆ, ಅವರೇ ಬಂದು ಮಾಡ್ತಾರೆ. ಪಾಪ ಅವರೂ ಮಳೆಯಲ್ಲಿ ನೆನೆದುಕೊಂಡು ಬಂದೇ ಮಾಡಿದ್ದು. ಆದರೆ ಆ ಕರೆಗಳು ಕಂಪನಿ ದಾಖಲೆಯಲ್ಲಿ ಎಲ್ಲೂ ಇಲ್ಲ. ಮುಚ್ಚಿದ ಮೆಸೇಜ್ ಬಂದ ದಿನವೇ "ಸರಿಯಾಗಿಲ್ಲ, ಅದೇ ಡಾಕೆಟ್ ಮತ್ತೆ ತೆರೀರಿ" ಅಂತ ಹೇಳಿಸಬೇಕಿತ್ತು. ಹೊಸ ನಂಬರ್ ತಗೊಂಡ್ರೆ ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಗೋ ಅಪಾಯ ಇದೆ.

ಮತ್ತೆ ಸಾಬೀತು ಮಾಡಿದ್ದು ಹೇಗೆ? ಯಾರೂ ನೋಡದ ಬಳಕೆ ಪುಟದಿಂದ. ಬಿಲ್‌ನ ಮುಂದಿನ ಹಾಳೆಯಲ್ಲಿ 'ಬಳಕೆ ಸೊನ್ನೆ' ಅಂದ್ರೆ ಹೆಚ್ಚುವರಿ ಹಣ ಇಲ್ಲ ಅಂತಷ್ಟೇ ಅರ್ಥ. ಕಂಪನಿ ಪೋರ್ಟಲ್‌ನಲ್ಲಿ ದಿನದಿನದ ಡೇಟಾ ಪಟ್ಟಿ ಬೇರೆ ಇತ್ತು. ಅದರಲ್ಲಿ 9ನೇ ತಾರೀಖಿನವರೆಗೆ ಅಂಕಿ ಇದೆ, 11ರಿಂದ 21ರವರೆಗೆ ಸೊನ್ನೆ, ಸೊನ್ನೆ, ಸೊನ್ನೆ. 12ಕ್ಕೆ ಸರಿಯಾಗಿದ್ದ ಲೈನ್‌ನಲ್ಲಿ 13ಕ್ಕೆ ಒಂದು ಎಂಬಿಯೂ ಯಾಕಿಲ್ಲ? ಅಷ್ಟೇ ಸಾಲದು ಅನ್ನೋದೂ ನಿಜ. ಕರೆಂಟ್ ಇಲ್ಲದಿದ್ರೂ ಸೊನ್ನೆ ಬರುತ್ತೆ, ನಮ್ಮಲ್ಲಿ ಮಳೆಗಾಲದ ಕರೆಂಟ್ ಕಥೆ ಕೇಳ್ಬೇಡಿ. ಅದಕ್ಕೆ ಕೆಂಪು ಎಲ್‌ಒಎಸ್ ದೀಪದ ಫೋಟೋ ಕೆಲಸಕ್ಕೆ ಬಂತು. ದೀಪ ಉರೀತಿದೆ ಅಂದ್ರೆ ಕರೆಂಟ್ ಇದೆ, ಕೆಂಪಿದೆ ಅಂದ್ರೆ ಕೇಬಲ್ ಸತ್ತಿದೆ. ತಂಗಿ 15ಕ್ಕೆ ಸ್ಟೇಟಸ್ ಹಾಕೋಕೆ ತೆಗೆದಿದ್ದ ಫೋಟೋ ಅದು!

ಬಿಲ್ ಮೊದಲು ಪೂರ್ತಿ ಕಟ್ಟಿದ್ವಿ, ಲೇಟ್ ಫೀ ಇನ್ನೊಂದು ಜಗಳ ಬೇಡ ಅಂತ. ಆಮೇಲೆ ಬಿಲ್ಲಿಂಗ್ ದೂರು. ಉತ್ತರ: ಡಾಕೆಟ್ ಎರಡೇ ದಿನದಲ್ಲಿ ಮುಚ್ಚಿದೆ, ಅರ್ಹತೆ ಇಲ್ಲ. ಆಗ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆದ್ವಿ. ಪ್ರತಿ ಕಂಪನಿಗೂ ಇದು ಇರಲೇಬೇಕು, ಶುಲ್ಕ ಇಲ್ಲ. ಟ್ರಾಯ್‌ಗೇ ಬರೆದ್ರೆ ಆಗಲ್ವಾ ಅಂತ ಕೇಳ್ತೀರಿ, ಒಬ್ಬೊಬ್ಬರ ದೂರನ್ನ ಟ್ರಾಯ್ ಇತ್ಯರ್ಥ ಮಾಡಲ್ಲ.

ಅಕ್ಟೋಬರ್ ಬಿಲ್‌ನಲ್ಲಿ ಬಂತು ನೋಡಿ, ಅಡ್ಜಸ್ಟ್‌ಮೆಂಟ್ ಮೈನಸ್ 300. ಮನೆಯಲ್ಲಿ ಹಬ್ಬ. ಆದರೆ ಆ ಸಾಲು ಎಲ್ಲಿ ಕೂತಿದೆ ಅಂತ ಕೊನೇ ಸ್ಲೈಡ್‌ನಲ್ಲಿ ನೋಡಿ. ತೆರಿಗೆಯ ಕೆಳಗೆ. 620ಕ್ಕೆ ಪೂರ್ತಿ ತೆರಿಗೆ ಹಾಕಿ 731.60 ಮಾಡಿ, ಅದರಲ್ಲಿ 300 ಕಳೆದು 431.60 ಕೇಳಿದ್ದಾರೆ. ತೆರಿಗೆಯ ಮೇಲೆ ಕೂತಿದ್ರೆ ಉಳಿದ 320ಕ್ಕೆ ಮಾತ್ರ ತೆರಿಗೆ, ಒಟ್ಟು 377.60. ವ್ಯತ್ಯಾಸ 54 ರೂಪಾಯಿ. ಕೊಡದ ಸೇವೆಗೆ ನಾವು ಜುಲೈನಲ್ಲಿ ಕಟ್ಟಿದ ಜಿಎಸ್‌ಟಿ ಅದು.

ಇದು ಕಾನೂನುಬಾಹಿರ ಅಂತ ನಾನು ಹೇಳಲ್ಲ. ಜಿಎಸ್‌ಟಿ ಕಾಯ್ದೆಯ ಕಲಂ 34ರಲ್ಲಿ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನೂ ಇಳಿಸೋ ದಾರಿ ಇದೆ, ತೆರಿಗೆ ಮುಟ್ಟದೆ ಬರೀ ಹಣ ವಾಪಸ್ ಕೊಡೋದೂ ರೂಢಿಯಲ್ಲಿದೆ. ಯಾವ ದಾರಿ ಅನ್ನೋದು ಕಂಪನಿಯ ಆಯ್ಕೆ, ನಷ್ಟ ಮಾತ್ರ ನಮ್ಮದು. ನನಗಿದು ಸರಿ ಕಾಣಲ್ಲ. ಲೈನ್ ಸತ್ತಿದ್ದು ಅವರ ಸಿಸ್ಟಮ್‌ಗೆ ನಮಗಿಂತ ಮೊದಲೇ ಗೊತ್ತಿರುತ್ತೆ. ಹಾಗಿರುವಾಗ ಕೆಂಪು ದೀಪದ ಫೋಟೋ ಹಿಡಿದು ನಾವ್ಯಾಕೆ ಅಲೀಬೇಕು?

54 ರೂಪಾಯಿಗೆ ಇನ್ನೊಂದು ಅಪೀಲು ಬರೀತೀನಿ ಅಂದಾಗ ಅಪ್ಪ ಬೇಡ ಅಂದ್ರು. ಈಗ ನಮ್ಮನೆ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಡಾಕೆಟ್ ನಂಬರ್ ಇರುತ್ತೆ. ನೆಟ್ ಹೋದ ದಿನ ಒಂದು ಗುಂಡು, ನಿಜವಾಗಿ ಬಂದ ದಿನ ಇನ್ನೊಂದು. ಬರೆಯೋದು ಅಮ್ಮ.

ಭಾಗ 5ರಲ್ಲಿ ತಿಂಗಳ ಮಧ್ಯೆ ಪ್ಲಾನ್ ಬದಲಿಸಿದಾಗ ಬರೋ ಎರಡು ಬಾಡಿಗೆ ಸಾಲು. ನಿಮ್ಮ ಹತ್ರ ಅಂಥ ಬಿಲ್ ಇದ್ರೆ ನಂಬರ್ ಮುಚ್ಚಿ ಕಳಿಸಿ.

#ಬಿಲ್_ಓದೋಣ #ಹುಲಿಕಲ್ #ಹೊಸನಗರ