ಎರಡು ಉಸಿರಿನಷ್ಟು ಜಾಗ

ಐಹೊಳೆಯ ಮೇಗುಟಿ ಗುಡ್ಡದಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯವಿದೆ. ಮೇಲಿನ ಪಡಸಾಲೆಯ ಚಾವಣಿಯಲ್ಲಿ ಬುದ್ಧನ ಶಿಲ್ಪ. ಅದನ್ನೇ ತೋರಿಸುತ್ತಾ ಒಂದು ನಿಮಿಷದ ಉಸಿರಾಟದ ಧ್ಯಾನದ ವಿಡಿಯೊ ಮಾಡಿ, ಇಳಕಲ್ಲಿನಲ್ಲಿರುವ ಅವ್ವನಿಗೆ ಕಳಿಸಿದೆ. ರಾತ್ರಿ ಫೋನ್ ಬಂತು. "ತಮ್ಮಾ, ನೀ ಎಳಕೋ ಅಂದಾಗ ನಾ ಬಿಡಾಕತ್ತಿದ್ದೆ. ಎದಿ ಬಿಗಿಧಂಗಾತು."

ತಪ್ಪು ನನ್ನದೇ. ಎಣಿಸಿ ಎಳೆಸುವುದು, ಬಿಡಿಸುವುದು ಪ್ರಾಣಾಯಾಮದ ರೀತಿ. ಬೌದ್ಧರ ಆನಾಪಾನಸತಿಯಲ್ಲಿ ಉಸಿರನ್ನು ನಾವು ನಡೆಸುವುದಿಲ್ಲ. ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ ಅಂತ ಗಮನಿಸುವುದಷ್ಟೇ. ಅಪ್ಪಣೆಗಳನ್ನೆಲ್ಲ ತೆಗೆದು, "ಈಗ ಉಸಿರು ಒಳಗೋ, ಹೊರಗೋ, ನೋಡಿ" ಎಂಬಂಥ ನಾಲ್ಕೇ ಸಾಲು ಉಳಿಸಿದೆ. ಸುಮ್ಮನೆ ಕೂತವರು ನಿಮಿಷಕ್ಕೆ 12–15 ಸಲ ಉಸಿರಾಡುತ್ತಾರೆ. ಪ್ರತಿ ಸಾಲಿನ ನಂತರ 10 ಸೆಕೆಂಡ್ ಬಿಟ್ಟರೆ ಎರಡು ಉಸಿರಿಗಾದರೂ ಜಾಗ.

ಆದರೆ ಗದ್ದಲ ತೆಗೆಯುವ ಫಿಲ್ಟರ್ ಆ ಬಿಡುವುಗಳನ್ನು ಪೂರ್ತಿ ನಿಶ್ಶಬ್ದ ಮಾಡಿತ್ತು. ಫೋನ್ ನಿಂತಿತೆಂದು ಅವ್ವ ಪರದೆ ಒತ್ತಿದಳಂತೆ! ಫಿಲ್ಟರ್ ತೆಗೆದೆ. ಗುಡ್ಡದಲ್ಲಿ ಮಾತಿಲ್ಲದೆ ರೆಕಾರ್ಡ್ ಮಾಡಿಕೊಂಡಿದ್ದ ಗಾಳಿಯ ಸದ್ದನ್ನು ಸಣ್ಣಗೆ, ಮೊದಲಿಂದ ಕೊನೆಯವರೆಗೆ ಹಾಸಿದೆ. ಚಿತ್ರವನ್ನೂ ಅಲುಗಿಸಲಿಲ್ಲ.

"ಈ ಸಲ ಛಲೋ ಆಗೇತಿ," ಅಂದಳು ಅವ್ವ. "ಕಣ್ಣ ಮುಚ್ಚಿ ಕೇಳಿದೆ, ನಿನ್ನ ಬುದ್ಧನ್ನ ನೋಡ್ಲೇ ಇಲ್ಲ."